ಇಂಡಿಕೇಟರ್ ಟಕಟಕ ಬಡಿಯುತ್ತಿದೆಯಾ? ರಿಲೇ ಬಿಚ್ಚುವ ಮೊದಲು ಬಲ್ಬ್ ನೋಡಿ

ವಿಜಯಪುರದ ನಮ್ಮ ವೈರಿಂಗ್ ಅಂಗಡಿಗೆ ಈ ತೊಂದರೆ ಹೊತ್ತುಕೊಂಡು ಗಾಡಿಗಳು ಬರುತ್ತಲೇ ಇರುತ್ತವೆ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಸರಿಯಾಗಿ ಟಿಕ್ ಟಿಕ್ ಅನ್ನುತ್ತದೆ. ಬಲಕ್ಕೆ ಹಾಕಿದರೆ ಟಕಟಕಟಕ ಅಂತ ಓಡುತ್ತದೆ. ಬಂದವರ ಕೈಯಲ್ಲಿ ಆಗಲೇ ಇಂಡಿಕೇಟರನ್ನು ಮಿನುಗಿಸುವ ಒಂದು ಹೊಸ ಫ್ಲಾಷರ್ ರಿಲೇ ಇರುತ್ತದೆ. "ಇದನ್ನ ಹಾಕಿದ್ರೂ ಹಂಗ ಐತ್ರೀ" ಅನ್ನುತ್ತಾರೆ.

ಹಂಗೇ ಇರುತ್ತದೆ, ಯಾಕಂದ್ರೆ ರಿಲೇ ಕೆಟ್ಟಿರಲಿಲ್ಲ. ಅದು ತನ್ನ ಕೆಲಸವನ್ನೇ ಮಾಡುತ್ತಿತ್ತು. ಜೋರಾಗಿ ಬಡಿಯುವುದೇ ಅದರ ದೂರು: ಈ ಕಡೆ ಒಂದು ಬಲ್ಬ್ ಹತ್ತುತ್ತಿಲ್ಲ, ಇಳಿದು ನೋಡು ಅಂತ. ಇದನ್ನು ಯಾವ ಕ್ರಮದಲ್ಲಿ ಹುಡುಕಬೇಕು, ಎಲ್ಲಿ ಎಲ್ಲರೂ ಎಡವುತ್ತಾರೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. 12 ವೋಲ್ಟಿನ ಮಾಮೂಲಿ ಕಾರುಗಳನ್ನು, ಅದರಲ್ಲೂ ತಂತಿ ಬಲ್ಬ್ ಇರುವ ಸಣ್ಣ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

## ಜೋರಾಗಿ ಬಡಿಯುವುದು ಯಾಕೆ

ಇದೊಂದು ಅರ್ಥವಾದರೆ ಉಳಿದ ಹಂತಗಳೆಲ್ಲ ಸುಲಭ.

ಇಂಡಿಕೇಟರಿನ ದೊಡ್ಡ ಬಲ್ಬ್ ಸಾಮಾನ್ಯವಾಗಿ 21 ವ್ಯಾಟಿನದು. 12 ವೋಲ್ಟಿನಲ್ಲಿ ಅದು ಎಳೆಯುವ ಕರೆಂಟು 21 ÷ 12, ಅಂದರೆ 1.75 ಆಂಪಿಯರ್. ಒಂದು ಕಡೆಗೆ ಮುಂದೊಂದು, ಹಿಂದೊಂದು ಇಂಥ ಬಲ್ಬ್ ಇರುತ್ತದೆ. ಎರಡೂ ಸೇರಿದರೆ 3.5 ಆಂಪಿಯರ್. ಒಂದು ಸುಟ್ಟರೆ ಉಳಿಯುವುದು ಅದರ ಅರ್ಧ.

ಎಲೆಕ್ಟ್ರಾನಿಕ್ ಫ್ಲಾಷರ್ ಒಳಗೆ ತೀರಾ ಕಡಿಮೆ ತಡೆ ಇರುವ ಒಂದು ಪಟ್ಟಿ ಇರುತ್ತದೆ. ಬಲ್ಬಿಗೆ ಹೋಗುವ ಕರೆಂಟೆಲ್ಲ ಆ ಪಟ್ಟಿ ದಾಟಿಯೇ ಹೋಗಬೇಕು. ಕರೆಂಟು ಜಾಸ್ತಿ ಹರಿದರೆ ಅದರ ಎರಡು ತುದಿಗಳ ನಡುವೆ ವೋಲ್ಟೇಜು ಸ್ವಲ್ಪ ಜಾಸ್ತಿ ಕಾಣುತ್ತದೆ, ಕಡಿಮೆ ಹರಿದರೆ ಕಡಿಮೆ. ಫ್ಲಾಷರ್ ನೋಡುವುದು ಇಷ್ಟನ್ನೇ. ಎರಡು ಬಲ್ಬಿನ ಕರೆಂಟು ಬರುತ್ತಿಲ್ಲ ಅಂತ ಕಂಡ ಕೂಡಲೇ ಬಡಿತವನ್ನು ಸುಮಾರು ಎರಡು ಪಟ್ಟು ಮಾಡಿಬಿಡುತ್ತದೆ. ಹೊಸ ಕಾರುಗಳಲ್ಲಿ ಬೇರೆ ರಿಲೇ ಇರುವುದಿಲ್ಲ. ಗಾಡಿಯ ಲೈಟು, ಡೋರ್ ಲಾಕ್ ನೋಡಿಕೊಳ್ಳುವ ಕಂಪ್ಯೂಟರ್ ಪೆಟ್ಟಿಗೆಯೇ ಈ ಕೆಲಸವನ್ನೂ ಮಾಡುತ್ತದೆ. ನಿಮಗೆ ಕೇಳುವ ಟಿಕ್ ಟಿಕ್ ಸದ್ದು ಎಷ್ಟೋ ಗಾಡಿಗಳಲ್ಲಿ ಸ್ಪೀಕರಿನದು. ಆದರೆ ಲೆಕ್ಕ ಅದೇ.

ಒಂದು ಮಾತು ಗಮನಿಸಿ. ಫ್ಲಾಷರಿಗೆ ಬೆಳಕು ಕಾಣುವುದಿಲ್ಲ, ಕರೆಂಟು ಮಾತ್ರ ಕಾಣುತ್ತದೆ. ಬಲ್ಬ್ ಹತ್ತಿದ್ದರೂ ಅದು ಎಳೆಯಬೇಕಾದಷ್ಟು ಕರೆಂಟು ಎಳೆಯದಿದ್ದರೆ ಫ್ಲಾಷರ್ ಪಾಲಿಗೆ ಅದು ಸುಟ್ಟ ಬಲ್ಬೇ. ನನ್ನ ಕಾಕಾನ ಮಗ ಮೋಸ ಹೋಗಿದ್ದು ಇಲ್ಲಿಯೇ. ಆ ಕಥೆ ಮುಂದೆ ಬರುತ್ತದೆ.

ಹಳೇ ಟ್ರ್ಯಾಕ್ಟರ್, ಟೆಂಪೋಗಳಿಗೆ ಈ ಲೆಕ್ಕ ಉಲ್ಟಾ. ಅವುಗಳಲ್ಲಿ ಬಿಸಿಯಾಗಿ ಬಾಗುವ ಪಟ್ಟಿಯ ಫ್ಲಾಷರ್ ಇದ್ದರೆ, ಬಲ್ಬ್ ಸುಟ್ಟಾಗ ಪಟ್ಟಿ ಸಾಕಷ್ಟು ಬಿಸಿಯಾಗುವುದಿಲ್ಲ. ಆಗ ಇಂಡಿಕೇಟರ್ ನಿಧಾನವಾಗುತ್ತದೆ, ಇಲ್ಲವೇ ಹತ್ತಿಕೊಂಡು ಹಾಗೆಯೇ ನಿಂತುಬಿಡುತ್ತದೆ. ಕಬ್ಬಿನ ಟ್ರೇಲರ್ ಎಳೆಯುವವರು ಇದನ್ನು ನೆನಪಿಡಿ.

## ಕೈಯಲ್ಲಿ ಏನೇನಿರಬೇಕು

ಸ್ಟಾರ್ ಸ್ಕ್ರೂ ಡ್ರೈವರ್ ಒಂದು, 8 ಮತ್ತು 10 ನಂಬರಿನ ಪಾನಾ, ಒಣ ಬಟ್ಟೆ, ನೀರ್ ಪೇಪರಿನ ಸಣ್ಣ ತುಂಡು, ಮೊಬೈಲ್ ಟಾರ್ಚ್. ಇಷ್ಟರಲ್ಲಿ ಹೆಚ್ಚಿನ ಗಾಡಿಗಳ ಕೆಲಸ ಮುಗಿಯುತ್ತದೆ. ಮಲ್ಟಿಮೀಟರ್ ಇದ್ದರೆ ಒಳ್ಳೆಯದು. ಆದರೆ ಇಂಡಿಕೇಟರ್ ಕೆಲಸಕ್ಕೆ ಅದಕ್ಕಿಂತ ಟೆಸ್ಟ್ ಲ್ಯಾಂಪ್, ಅಂದರೆ ಒಂದು ಕಡೆ ಮೊನೆ, ಇನ್ನೊಂದು ಕಡೆ ಕ್ಲಿಪ್ ಇರುವ ಸಣ್ಣ ಬಲ್ಬ್, ವಾಸಿ. ಮಿನುಗುವ ಲೈನಿನ ಮೇಲೆ ಮೀಟರಿನ ಅಂಕಿಗಳು ಕುಣಿಯುತ್ತವೆ, ಏನೂ ಓದಲಿಕ್ಕಾಗುವುದಿಲ್ಲ. ಟೆಸ್ಟ್ ಲ್ಯಾಂಪ್ ಆದರೆ ತಾನೂ ಜೊತೆಗೆ ಮಿನುಗುತ್ತದೆ.

## ಹಂತ 1: ಎರಡೂ ಕಡೆ ಎಣಿಸಿ

ಎಂಜಿನ್ ಚಾಲೂ ಮಾಡಿ. ಎಡ ಇಂಡಿಕೇಟರ್ ಹಾಕಿ, ಮೊಬೈಲಿನಲ್ಲಿ 15 ಸೆಕೆಂಡು ಇಟ್ಟು ಡ್ಯಾಶ್‌ಬೋರ್ಡಿನ ಹಸಿರು ಬಾಣ ಎಷ್ಟು ಸಲ ಹತ್ತಿತು ಎಣಿಸಿ. ಆಮೇಲೆ ಬಲಕ್ಕೂ ಹಾಗೆಯೇ ಮಾಡಿ. ಬಂದ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. ನಿಮಿಷಕ್ಕೆ 60ರಿಂದ 120ರ ಒಳಗಿದ್ದರೆ ಸರಿ.

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಒಂದೇ ಕಡೆ ಜೋರಿದ್ದರೆ ತಪ್ಪು ಆ ಕಡೆಯ ಬಲ್ಬ್, ಹೋಲ್ಡರ್ ಅಥವಾ ವೈರಿನಲ್ಲಿದೆ. ಎರಡೂ ಕಡೆಗೆ ರಿಲೇ ಒಂದೇ ಅಲ್ವಾ? ಅದು ಕೆಟ್ಟಿದ್ದರೆ ಎರಡೂ ಕಡೆ ಕೆಡಬೇಕಿತ್ತು. ಈ ಒಂದು ಎಣಿಕೆ ಮಾಡಿದ್ದರೆ ಎಷ್ಟೋ ಜನರ ರಿಲೇ ದುಡ್ಡು ಉಳಿಯುತ್ತಿತ್ತು.

ಎರಡೂ ಕಡೆ ಜೋರಾಗಿ ಬಡಿದರೆ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ಇತ್ತೀಚೆಗೆ ಯಾರಾದರೂ ಎಲ್ಇಡಿ ಬಲ್ಬ್ ಹಾಕಿದ್ದಾರಾ? ಹಾಕಿಲ್ಲ, ನಾಲ್ಕೂ ಬಲ್ಬ್ ಸರಿಯಾದ ವ್ಯಾಟಿನವು, ನಾಲ್ಕೂ ಚೆನ್ನಾಗಿ ಹತ್ತುತ್ತಿವೆ ಅಂತಾದರೆ ಆಗ ರಿಲೇ ಮೇಲೆ ಸಂಶಯ ಪಡಬಹುದು. ಹಸಿರು ಬಾಣ ಹತ್ತುವುದೇ ಇಲ್ಲ ಅಂದರೆ ಅದು ಬೇರೆ ಕಥೆ. ಅಲ್ಲಿ ಫ್ಯೂಸಿನಿಂದ ಶುರು ಮಾಡಿ.

## ಹಂತ 2: ಹಜಾರ್ಡ್ ಹಾಕಿ ಗಾಡಿ ಸುತ್ತು ಹಾಕಿ

ಕೆಂಪು ತ್ರಿಕೋನದ ಬಟನ್ ಒತ್ತಿ ನಾಲ್ಕೂ ಇಂಡಿಕೇಟರ್ ಹಾಕಿ. ಇಳಿದು ಗಾಡಿಯನ್ನು ಒಂದು ಸುತ್ತು ಹಾಕಿ. ಯಾವುದು ಹತ್ತುತ್ತಿಲ್ಲ ಅನ್ನುವುದು ಹೆಚ್ಚಿನ ಸಲ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಹಜಾರ್ಡ್ ಹಾಕಿದಾಗ ಬಡಿತ ಮಾಮೂಲಿಗೆ ಬಂದರೆ "ಸರಿಯಾಯ್ತು" ಅಂದುಕೊಳ್ಳುತ್ತಾರೆ. ಹಜಾರ್ಡಿನಲ್ಲಿ ನಾಲ್ಕು ಬಲ್ಬಿನ ಕರೆಂಟು ಒಟ್ಟಿಗೆ ಹೋಗುತ್ತದೆ. ಒಂದು ಸುಟ್ಟರೂ ಮೂರು ಉಳಿದಿರುತ್ತವೆ, ಅಷ್ಟು ಸಾಕು ಅಂತ ಕೆಲವು ಫ್ಲಾಷರ್ ಸುಮ್ಮನಾಗುತ್ತವೆ. ಹಾಗಾಗಿ ಹಜಾರ್ಡ್ ಹಾಕಿದಾಗ ಕಿವಿ ಮಾತು ಕೇಳಬೇಡಿ, ಕಣ್ಣಿನ ಮಾತು ಕೇಳಿ.

ಎರಡನೇ ತಪ್ಪು, ಮಧ್ಯಾಹ್ನದ ಬಿಸಿಲಿನಲ್ಲಿ ನೋಡುವುದು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಮಂದವಾಗಿ ಹತ್ತುವ ಬಲ್ಬಿಗೂ ಸುಟ್ಟ ಬಲ್ಬಿಗೂ ವ್ಯತ್ಯಾಸವೇ ಕಾಣುವುದಿಲ್ಲ. ನೆರಳಿಗೆ ತಂದು ನೋಡಿ, ಇಲ್ಲವೇ ಸಂಜೆ ನೋಡಿ. "ಹತ್ತುತ್ತದಾ" ಅಂತ ಮಾತ್ರ ನೋಡಬೇಡಿ. "ಆ ಕಡೆಯದಷ್ಟೇ ಬೆಳಕು ಇದೆಯಾ" ಅಂತ ಎಡ ಬಲ ಹೋಲಿಸಿ.

ಬಾಗಿಲ ಮುಂದಿನ ತಗಡಿನಲ್ಲಿ ಅಥವಾ ಕನ್ನಡಿಯಲ್ಲಿ ಇರುವ ಸಣ್ಣ ಇಂಡಿಕೇಟರನ್ನೂ ನೋಡಿ. ಬಲ್ಬ್ ಇದ್ದರೆ ಅದು ಸಾಮಾನ್ಯವಾಗಿ 5 ವ್ಯಾಟ್. ಅದು ಸುಟ್ಟರೆ ಕರೆಂಟಿನಲ್ಲಿ ಅರ್ಧ ಆಂಪಿಯರ್ ಕೂಡ ಕಡಿಮೆಯಾಗುವುದಿಲ್ಲ, ಹೀಗಾಗಿ ಸಾಮಾನ್ಯವಾಗಿ ಬಡಿತ ಬದಲಾಗುವುದೇ ಇಲ್ಲ. ಅದು ಹೋಗಿದ್ದು ನೀವಾಗಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

## ಹಂತ 3: ಬಲ್ಬ್ ಹೊರಗೆ ತೆಗೆಯುವುದು

ಲೈಟು ಆಫ್ ಮಾಡಿ, ಕೀ ತೆಗೆದು ಹತ್ತು ನಿಮಿಷ ಬಿಡಿ. ಈಗಷ್ಟೇ ಹತ್ತುತ್ತಿದ್ದ ಬಲ್ಬ್ ಬೆರಳು ಸುಡುತ್ತದೆ.

ಹಿಂದಿನ ಲೈಟಾದರೆ ಡಿಕ್ಕಿ ಬಾಗಿಲು ಎತ್ತಿ. ಲ್ಯಾಂಪಿನ ಪಕ್ಕದಲ್ಲಿ ಎರಡು ಸ್ಕ್ರೂ ಕಾಣುತ್ತವೆ, ಅಥವಾ ಒಳಗಿನ ಮುಚ್ಚಳದ ಹಿಂದೆ ನಟ್ ಇರುತ್ತವೆ. ಬಿಚ್ಚಿದ ಮೇಲೆ ಲ್ಯಾಂಪನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ಪಕ್ಕಕ್ಕೆ ತಿರುಚಿದರೆ ಆಚೆ ಅಂಚಿನ ಪ್ಲಾಸ್ಟಿಕ್ ಗೂಟ ಮುರಿಯುತ್ತದೆ. ಅದು ಮುರಿದರೆ ಲ್ಯಾಂಪ್ ಜೀವನಪೂರ್ತಿ ಅಲುಗಾಡುತ್ತದೆ, ಸಂದಿಯಲ್ಲಿ ನೀರು ಇಳಿಯುತ್ತದೆ.

ಮುಂದಿನದಾದರೆ ಬಾನೆಟ್ ಎತ್ತಿ ಹೆಡ್‌ಲೈಟಿನ ಹಿಂದೆ ಕೈ ಹಾಕಬೇಕು. ಕೆಲವು ಗಾಡಿಗಳಲ್ಲಿ ಬ್ಯಾಟರಿ ಅಡ್ಡ ಬರುತ್ತದೆ. ಇನ್ನು ಕೆಲವಲ್ಲಿ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸರಿಸಬೇಕು. ಕೈ ಹೋಗದೇ ಇದ್ದಲ್ಲಿ ಜಬರ್ದಸ್ತಿ ಮಾಡಬೇಡಿ. ಗಾಡಿಯ ಪುಸ್ತಕದಲ್ಲಿ ಬಲ್ಬ್ ಬದಲಿಸುವ ಪುಟ ಇರುತ್ತದೆ, ಅದನ್ನು ಒಮ್ಮೆ ನೋಡಿ.

ಹೋಲ್ಡರ್ ಹಿಡಿದು ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಹೊರಗೆ ಬರುತ್ತದೆ. ಅದರೊಳಗಿನ ಬಲ್ಬನ್ನು ಬಟ್ಟೆಯಿಂದ ಹಿಡಿದು ಸ್ವಲ್ಪ ಒಳಕ್ಕೆ ಒತ್ತಿ, ಒತ್ತಿಕೊಂಡೇ ತಿರುಗಿಸಿ ಎಳೆಯಿರಿ. ಒತ್ತದೆ ತಿರುಗಿಸಿದರೆ ಗಾಜು ಕೈಗೆ ಬರುತ್ತದೆ, ಬುಡ ಅಲ್ಲೇ ಉಳಿಯುತ್ತದೆ. ಬುಡಕ್ಕೆ ಪಿನ್ ಇಲ್ಲದ, ಗಾಜಿನದೇ ಚಪ್ಪಟೆ ಬುಡ ಇರುವ ಬಲ್ಬಾದರೆ ತಿರುಗಿಸುವುದೇ ಬೇಡ, ನೇರ ಎಳೆದರೆ ಸಾಕು.

## ಹಂತ 4: ಬಲ್ಬ್ ನಿಜವಾಗಿ ಸುಟ್ಟಿದೆಯಾ

ಬೆಳಕಿಗೆ ಹಿಡಿದು ನೋಡಿ. ತಂತಿ ನಡುವೆ ತುಂಡಾಗಿದ್ದರೆ ಮುಗಿಯಿತು. ಗಾಜಿನ ಒಳಗೆ ಕಪ್ಪು ಅಥವಾ ಬೆಳ್ಳಿ ಮಸಿ ಹಿಡಿದಿದ್ದರೆ ಅದರ ಆಯುಸ್ಸು ತೀರಿದೆ ಅಂತ ಲೆಕ್ಕ. ಒಳಗೆ ಹಾಲಿನಂಥ ಬಿಳಿ ಪುಡಿ ಇದ್ದರೆ ಗಾಜಿನೊಳಗೆ ಗಾಳಿ ನುಗ್ಗಿದೆ.

ತಲೆ ತಿನ್ನುವುದು ತುಂಡಾದ ತುದಿ ಮತ್ತೆ ಹೋಗಿ ತಾಗಿಕೊಂಡಿರುವ ಬಲ್ಬ್. ನಿಂತಾಗ ಹತ್ತುತ್ತದೆ, ರೋಡ್ ಹಂಪ್ ಹಾರಿದರೆ ಆರುತ್ತದೆ. "ಒಮ್ಮೆ ಜೋರು, ಒಮ್ಮೆ ಸರಿ" ಅಂತ ಬರುವ ದೂರುಗಳಲ್ಲಿ ಇದೂ ಒಂದು ಕಾರಣ. ಬಲ್ಬನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಒಳಗೆ ತಂತಿ ಜಣಜಣ ಅಂದರೆ ಅನುಮಾನ ಬೇಡ.

ಮೀಟರ್ ಇದ್ದವರಿಗೆ ಒಂದು ಎಚ್ಚರಿಕೆ. ತಣ್ಣಗಿರುವ 21 ವ್ಯಾಟ್ ಬಲ್ಬಿನ ತಡೆ ಒಂದು ಓಮಿನ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆ ತೋರಿಸುತ್ತದೆ. ಹತ್ತಿ ಕೆಂಪಾದಾಗ ಅದು ಏಳು ಓಮಿನ ಹತ್ತಿರಕ್ಕೆ ಏರುತ್ತದೆ. ತಣ್ಣಗಿನ ಅಳತೆ ನೋಡಿ "ಇದು ಶಾರ್ಟ್ ಆಗಿದೆ" ಅಂತ ಒಳ್ಳೇ ಬಲ್ಬನ್ನು ಎಸೆದವರನ್ನು ನೋಡಿದ್ದೇನೆ. ಮೀಟರ್ ಬೀಪ್ ಅಂದರೆ ತಂತಿ ಇದೆ, ಅಷ್ಟೇ ಅರ್ಥ.

ಮೀಟರ್ ಇಲ್ಲದವರಿಗೆ ಇನ್ನೂ ಒಳ್ಳೇ ಉಪಾಯ ಇದೆ. ಎಡಗಡೆಯ ಹಿಂದಿನ ಬಲ್ಬ್ ತೆಗೆದು ಬಲಗಡೆಗೆ ಹಾಕಿ, ಬಲಗಡೆಯದನ್ನು ಎಡಕ್ಕೆ ಹಾಕಿ. ಜೋರು ಬಡಿತ ಎಡಕ್ಕೆ ಹೋಯಿತು ಅಂದರೆ ತಪ್ಪು ಬಲ್ಬಿನದು. ಬಲಗಡೆಯಲ್ಲೇ ಉಳಿಯಿತು ಅಂದರೆ ಬಲ್ಬ್ ಚೆನ್ನಾಗಿದೆ, ಹೋಲ್ಡರ್ ಅಥವಾ ವೈರ್ ನೋಡಬೇಕು. ಒಂದು ಪೈಸೆ ಖರ್ಚಿಲ್ಲ.

## ಹಂತ 5: ಸರಿಯಾದ ಬಲ್ಬ್ ತನ್ನಿ

ಈಗ ಕಾಕಾನ ಮಗನ ಕಥೆ. ಬಾಗಲಕೋಟೆಯ ನವನಗರದಿಂದ ವಿಜಯಪುರಕ್ಕೆ ಬರುತ್ತಿದ್ದ. ಕೊರ್ತಿ-ಕೊಲ್ಹಾರ ಸೇತುವೆ ದಾಟಿದ ಮೇಲೆ ಬಲ ಇಂಡಿಕೇಟರ್ ಟಕಟಕ ಶುರುವಾಯಿತು. ಇಳಿದು ನೋಡಿದ, ಹಿಂದಿನ ಬಲ್ಬ್ ಸುಟ್ಟಿತ್ತು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಮಾಡಿದ್ದ. ಲಾರಿಗಳು ನಿಲ್ಲುವ ಜಾಗದಲ್ಲಿ ಒಂದು ಸಣ್ಣ ಅಂಗಡಿ ಇತ್ತು. ಹಳೇ ಬಲ್ಬ್ ತೋರಿಸಿ ಅಂಥದ್ದೇ ಕೇಳಿದ. ಅದೇ ಕಿತ್ತಳೆ ಗಾಜು, ಅದೇ ಬುಡ, ಅದೇ ಪಿನ್. ಹಾಕಿದ, ಹತ್ತಿತು. ಕತ್ತಲಾಗಿತ್ತು, ಬೆಳಕು ಕಂಡಿತು, ಸಾಕು ಅಂತ ಹೊರಟ. ಬಡಿತ ಮಾತ್ರ ಇಳಿಯಲಿಲ್ಲ. ಮರುದಿನ ರಿಲೇ ಕೊಂಡು ಹಾಕಿದ. ಆಗಲೂ ಇಳಿಯಲಿಲ್ಲ. ಆಮೇಲೆ ನನಗೆ ಫೋನ್ ಮಾಡಿದ.

"ಅಣ್ಣಾ, ಬಲ್ಬ್ ಹೊಸಾದು, ರಿಲೇನೂ ಹೊಸಾದು. ಇನ್ನೂ ಹಂಗ ಬಡೀತೈತಿ. ವೈರಿಂಗೇ ಸುಟ್ಟೈತೇನು?"

ಗಾಡಿ ಅಂಗಡಿಗೆ ಬಂತು. ಎಣಿಸಿದೆವು. ಎಡಕ್ಕೆ 15 ಸೆಕೆಂಡಿಗೆ 21, ಅಂದರೆ ನಿಮಿಷಕ್ಕೆ 84. ಬಲಕ್ಕೆ 43, ಅಂದರೆ 172. ಸುಮಾರು ಎರಡು ಪಟ್ಟು. ಅಂದ ಮೇಲೆ ಫ್ಲಾಷರ್ ಇನ್ನೂ ದೂರು ಹೇಳುತ್ತಲೇ ಇದೆ. ಹಜಾರ್ಡ್ ಹಾಕಿ ಹಿಂದೆ ಹೋಗಿ ನಿಂತೆ. ಎಡಗಡೆ ಕಣ್ಣಿಗೆ ಹೊಡೆಯುವ ಹಾಗೆ ಮಿನುಗುತ್ತಿತ್ತು. ಬಲಗಡೆ ಹಗಲಿನಲ್ಲಿ ಕೈ ಅಡ್ಡ ಹಿಡಿದು ನೋಡಿದರೆ ಮಾತ್ರ ಕಾಣುವಷ್ಟು, ಊದುಬತ್ತಿ ಕೆಂಡದ ಹಾಗೆ.

ಬಲ್ಬ್ ತೆಗೆದು ಬುಡ ಒರೆಸಿದೆ. ಹಿತ್ತಾಳೆಯ ಮೇಲೆ ಸಣ್ಣ ಅಕ್ಷರದಲ್ಲಿ 24 ವೋಲ್ಟ್, 21 ವ್ಯಾಟ್ ಅಂತ ಇತ್ತು. ಲಾರಿಯ ಬಲ್ಬ್.

"ಇಪ್ಪತ್ತೊಂದ ವ್ಯಾಟ್ ಅಂತನ ಐತಲ್ಲ ಅಣ್ಣಾ?" ಅಂದ. ವ್ಯಾಟ್ ಅದೇ, ಆದರೆ 24 ವೋಲ್ಟ್ ಕೊಟ್ಟಾಗ ಮಾತ್ರ. 24 ವೋಲ್ಟಿನಲ್ಲಿ ಅದು ಎಳೆಯುವುದು ಸುಮಾರು 0.9 ಆಂಪಿಯರ್. ಕಾರಿನ 12 ವೋಲ್ಟಿಗೆ ಹಾಕಿದರೆ 0.6 ಆಂಪಿಯರ್ ಹತ್ತಿರ ಬರುತ್ತದೆ. ಬರಬೇಕಾದ್ದು 1.75. ಬೆಳಕಂತೂ ಹತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿದುಬಿಡುತ್ತದೆ. ಫ್ಲಾಷರ್ ಹೇಳಿದ್ದೇ ಸರಿ, ನಂಬದಿದ್ದವನು ಇವನು. 12 ವೋಲ್ಟಿನ ಬಲ್ಬ್ ಹಾಕಿದೆ. ಬಲಕ್ಕೂ 21 ಬಂತು. ಅವನ ಹಳೇ ರಿಲೇ ಡಿಕ್ಕಿಯಲ್ಲೇ ಬಿದ್ದಿತ್ತು, ಅದನ್ನೂ ತಿರುಗಿ ಹಾಕಿ ನೋಡಿದೆ. ಅದೂ 21.

ಹಾಗಾಗಿ ಅಂಗಡಿಯಲ್ಲಿ ಬಲ್ಬ್ ಕೈಗೆ ತೆಗೆದುಕೊಂಡಾಗ ಬುಡದ ಮೇಲಿನ ಅಕ್ಷರ ಓದಿ. ಮೊದಲು ವೋಲ್ಟ್, ಆಮೇಲೆ ವ್ಯಾಟ್. ಕಾರಿಗೆ 12 ವೋಲ್ಟ್, 21 ವ್ಯಾಟ್. ಬೈಕಿನ 10 ವ್ಯಾಟ್ ಇಂಡಿಕೇಟರ್ ಬಲ್ಬಿಗೂ ಇದೇ ಅಳತೆಯ ಬುಡ ಇರುತ್ತದೆ, ಹೋಲ್ಡರಿನಲ್ಲಿ ಕೂರುತ್ತದೆ, ಹತ್ತುತ್ತದೆ ಕೂಡ. ಆದರೆ ಕರೆಂಟು ಅರ್ಧ, ಹಲವು ಗಾಡಿಗಳಲ್ಲಿ ಬಡಿತ ಇಳಿಯುವುದಿಲ್ಲ.

ಇನ್ನು ಬಣ್ಣ. ಲ್ಯಾಂಪಿನ ಗಾಜು ಬಿಳಿ ಇದ್ದರೆ ಕಿತ್ತಳೆ ಬಲ್ಬ್ ಬೇಕು. ಅದರ ಹೆಸರು ಪಿವೈ21ಡಬ್ಲ್ಯೂ. ಲ್ಯಾಂಪಿನ ಗಾಜೇ ಕಿತ್ತಳೆ ಇದ್ದರೆ ಬಿಳಿ ಬಲ್ಬ್, ಪಿ21ಡಬ್ಲ್ಯೂ. ಇವೆರಡೂ ಅದಲು ಬದಲಾಗದಿರಲಿ ಅಂತಲೇ ಪಿನ್ ಬೇರೆ ಬೇರೆ ಮಾಡಿದ್ದಾರೆ. ಬಿಳಿಯದರ ಎರಡು ಪಿನ್ ಎದುರು ಬದುರು ಇರುತ್ತವೆ. ಕಿತ್ತಳೆಯದರ ಒಂದು ಪಿನ್ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ಹೋಲ್ಡರಿನಲ್ಲಿ ಕೂರುತ್ತಿಲ್ಲ ಅಂತ ಕಾನಸಿನಿಂದ ಪಿನ್ ಉಜ್ಜಿ ತುರುಕಿದ ಗಾಡಿಗಳು ನನ್ನ ಹತ್ತಿರ ಬಂದಿವೆ. ಅಂಥ ಬಲ್ಬ್ ಸಡಿಲ ಕೂತು, ಕಿಡಿ ಹಾರಿ, ಕಡೆಗೆ ಹೋಲ್ಡರನ್ನೇ ಕರಗಿಸುತ್ತದೆ. ಬಲ್ಬ್ ಕೂರುತ್ತಿಲ್ಲ ಅಂದರೆ ಅದು ತಪ್ಪು ಬಲ್ಬ್, ಅಷ್ಟೇ.

ಬುಡದ ತಳದಲ್ಲಿ ಎರಡು ಸೀಸದ ಚುಕ್ಕೆ ಇದ್ದರೆ ಅದು ಬ್ರೇಕ್ ಮತ್ತು ಹಿಂದಿನ ಲೈಟಿನ ಎರಡು ತಂತಿ ಬಲ್ಬ್. ಇಂಡಿಕೇಟರಿಗೆ ಒಂದೇ ಚುಕ್ಕೆಯದು ಬೇಕು.

## ಹಂತ 6: ಹೋಲ್ಡರ್ ಮತ್ತು ಅರ್ತಿಂಗ್

ಬಲ್ಬ್ ಸರಿ ಇದೆ, ಆದರೂ ಹತ್ತುತ್ತಿಲ್ಲ ಅಥವಾ ಮಂದ ಇದೆ ಅಂದರೆ ಹೋಲ್ಡರಿನೊಳಗೆ ಟಾರ್ಚ್ ಬಿಡಿ. ತಳದಲ್ಲಿ ಒಂದು ಸ್ಪ್ರಿಂಗ್ ತುದಿ ಇರುತ್ತದೆ, ಅಲ್ಲಿಗೆ ಪ್ಲಸ್ ಬರುತ್ತದೆ. ಸುತ್ತಲಿನ ತಗಡು ಮೈನಸ್, ಅಂದರೆ ಅರ್ತಿಂಗ್. ಹಸಿರು ಅಥವಾ ಬಿಳಿ ಪಾಚಿಯಂಥದ್ದು ಕಟ್ಟಿದ್ದರೆ ಕರೆಂಟು ಅಲ್ಲೇ ತಡೆಯುತ್ತಿದೆ. ಬೆಳಗಾವಿ, ಖಾನಾಪುರದ ಮಳೆಯಲ್ಲಿ ಓಡುವ ಗಾಡಿಗಳಲ್ಲಿ ಇದು ಮಾಮೂಲು. ನಮ್ಮ ಕಡೆ ಪಾಚಿಗಿಂತ ಎರೆಮಣ್ಣಿನ ಧೂಳು ಜಾಸ್ತಿ. ಅದು ಸಂದಿಯಲ್ಲಿ ಕೂತು, ಮೊದಲ ಮಳೆಗೆ ಕೆಸರಾಗಿ, ಆಮೇಲೆ ತುಕ್ಕು ಹಿಡಿಸುತ್ತದೆ.

ಕೀ ತೆಗೆದು, ನೀರ್ ಪೇಪರಿನ ತುಂಡನ್ನು ಪೆನ್ಸಿಲಿಗೆ ಸುತ್ತಿ ಒಳಗೆ ಉಜ್ಜಿ. ತಾಮ್ರದ ಹೊಳಪು ಕಾಣಬೇಕು. ಸ್ಪ್ರಿಂಗ್ ತುದಿ ಒಳಗೆ ಕುಗ್ಗಿದ್ದರೆ ಸಣ್ಣ ಸ್ಕ್ರೂ ಡ್ರೈವರಿನಿಂದ ಸ್ವಲ್ಪ ಮೇಲಕ್ಕೆ ಎತ್ತಿ.

ಇನ್ನೂ ಸರಿ ಬರದಿದ್ದರೆ ಟೆಸ್ಟ್ ಲ್ಯಾಂಪ್ ತನ್ನಿ. ಅದರ ಕ್ಲಿಪ್ಪನ್ನು ಗಾಡಿಯ ಬಣ್ಣ ಇಲ್ಲದ ಯಾವುದಾದರೂ ಬೋಲ್ಟಿಗೆ ಹಾಕಿ, ಇಂಡಿಕೇಟರ್ ಚಾಲೂ ಮಾಡಿ, ಮೊನೆಯನ್ನು ಹೋಲ್ಡರಿನ ತಳದ ತುದಿಗೆ ಮುಟ್ಟಿಸಿ. ಮೊನೆ ಪಕ್ಕದ ತಗಡಿಗೆ ತಾಗದಂತೆ ನೋಡಿಕೊಳ್ಳಿ, ತಾಗಿದರೆ ಫ್ಯೂಸ್ ಹೋಗುತ್ತದೆ. ಲ್ಯಾಂಪ್ ಮಿನುಗಿದರೆ ಪ್ಲಸ್ ಬರುತ್ತಿದೆ. ಈಗ ಕ್ಲಿಪ್ಪನ್ನು ಬೋಲ್ಟಿನಿಂದ ತೆಗೆದು ಹೋಲ್ಡರಿನ ಪಕ್ಕದ ತಗಡಿಗೇ ಹಾಕಿ ಮತ್ತೆ ಮುಟ್ಟಿಸಿ. ಈ ಸಲ ಮಿನುಗದಿದ್ದರೆ, ಅಥವಾ ಮಂದವಾದರೆ, ಅರ್ತಿಂಗ್ ಹೋಗಿದೆ. ಲ್ಯಾಂಪಿನಿಂದ ಬರುವ ಕಪ್ಪು ಅಥವಾ ಕಂದು ವೈರನ್ನು ಹಿಂಬಾಲಿಸಿ. ಅದು ಗಾಡಿಯ ತಗಡಿಗೆ ಬೋಲ್ಟ್ ಆದ ಜಾಗವನ್ನು ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ವೈರಿನ ಬಣ್ಣ ಗಾಡಿಯಿಂದ ಗಾಡಿಗೆ ಬದಲಾಗಬಹುದು.

ಅರ್ತಿಂಗ್ ಕೆಟ್ಟಿದೆ ಅನ್ನುವುದಕ್ಕೆ ಬಿಚ್ಚದೆಯೇ ಸಿಗುವ ಒಂದು ಗುರುತು ಇದೆ. ಹಿಂದಿನ ಲ್ಯಾಂಪಿನ ಎಲ್ಲ ಬಲ್ಬಿಗೂ ಸಾಮಾನ್ಯವಾಗಿ ಒಂದೇ ಅರ್ತಿಂಗ್ ವೈರ್. ಅದು ಕೈ ಕೊಟ್ಟಾಗ ಕರೆಂಟು ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕುತ್ತದೆ. ಇಂಡಿಕೇಟರ್ ಹಾಕಿದರೆ ಕೆಂಪು ಲೈಟೂ ಜೊತೆಗೆ ಮಿನುಗುತ್ತದೆ, ಬ್ರೇಕ್ ತುಳಿದರೆ ಇಂಡಿಕೇಟರ್ ಮಂಕಾಗುತ್ತದೆ. ಇಂಥ ಆಟ ಕಂಡರೆ ಬಲ್ಬ್ ಬದಲಿಸುತ್ತಾ ಕೂರಬೇಡಿ, ನೇರ ಅರ್ತಿಂಗ್ ಹುಡುಕಿ.

## ಎಲ್ಇಡಿ ಹಾಕಿಸಿ ಬಂದವರಿಗೆ

ಎಲ್ಇಡಿ ಬಲ್ಬ್ ಎಳೆಯುವುದು ಕೆಲವೇ ವ್ಯಾಟ್. 21 ವ್ಯಾಟಿನ ಲೆಕ್ಕ ಇಟ್ಟುಕೊಂಡ ಫ್ಲಾಷರಿಗೆ ಅದು ಸುಟ್ಟ ಬಲ್ಬಿನ ಹಾಗೆಯೇ ಕಾಣುತ್ತದೆ. ಇದಕ್ಕೆ ಎರಡು ದಾರಿ ಇವೆ. ಬೇರೆ ರಿಲೇ ಇರುವ ಗಾಡಿಯಾದರೆ ಎಲ್ಇಡಿಗೆಂದೇ ಬರುವ ಫ್ಲಾಷರ್ ಹಾಕಬಹುದು. ಇಲ್ಲದಿದ್ದರೆ ಪ್ರತಿ ಬಲ್ಬಿನ ಪ್ಲಸ್ ಮತ್ತು ಮೈನಸ್ ವೈರುಗಳ ನಡುವೆ 6 ಓಮ್, 50 ವ್ಯಾಟಿನ ರೆಸಿಸ್ಟರ್ ಹಾಕುತ್ತಾರೆ.

ರೆಸಿಸ್ಟರ್ ಅಂದರೆ ಬೆಳಕಾಗಬೇಕಿದ್ದ ಕರೆಂಟನ್ನು ಸುಮ್ನೆ ಬಿಸಿ ಮಾಡಿ ಕಳೆಯುವ ತುಂಡು. ಎಂಜಿನ್ ಚಾಲೂ ಇದ್ದಾಗ 13.5 ವೋಲ್ಟ್ ಇರುತ್ತದೆ ಅಂದರೆ ಅದು ಹತ್ತಿದಷ್ಟು ಹೊತ್ತು 30 ವ್ಯಾಟ್ ಬಿಸಿ. ಹಜಾರ್ಡ್ ಹಾಕಿ ನಿಂತ ಗಾಡಿಯಲ್ಲಿ ಅದನ್ನು ಕೈಯಿಂದ ಮುಟ್ಟಲಿಕ್ಕಾಗುವುದಿಲ್ಲ. ಪ್ಲಾಸ್ಟಿಕ್ ಲ್ಯಾಂಪಿಗೋ ವೈರಿನ ಕಟ್ಟಿಗೋ ಟೇಪ್ ಸುತ್ತಿ ಬಿಟ್ಟರೆ ಕರಗುತ್ತದೆ. ತಗಡಿಗೆ ಸ್ಕ್ರೂ ಮಾಡಿ ಕೂರಿಸಬೇಕು.

ನನ್ನನ್ನು ಕೇಳಿದರೆ ಇಂಡಿಕೇಟರಿಗೆ ತಂತಿ ಬಲ್ಬೇ ಇರಲಿ. ಎಲ್ಇಡಿ ಫ್ಲಾಷರ್ ಸಾಮಾನ್ಯವಾಗಿ ಕರೆಂಟು ನೋಡುವುದೇ ಇಲ್ಲ. ಅದನ್ನು ಹಾಕಿದ ಮೇಲೆ ಬಲ್ಬ್ ಸತ್ತರೂ ಬಡಿತ ಬದಲಾಗುವುದಿಲ್ಲ, ನಿಮಗೆ ಗೊತ್ತಾಗುವ ದಾರಿಯೂ ಹೋಯಿತು.

## ಡ್ಯಾಶ್‌ಬೋರ್ಡಿನಲ್ಲಿ ಬಲ್ಬ್ ಚಿತ್ರ ಹತ್ತಿದರೆ

ಕೆಲವು ಗಾಡಿಗಳಲ್ಲಿ ಬಡಿತದ ಜೊತೆಗೆ ಹಳದಿ ಬಣ್ಣದ ಬಲ್ಬ್ ಚಿತ್ರವೂ ಹತ್ತುತ್ತದೆ, ಅದರಲ್ಲಿ ಉದ್ಗಾರ ಚಿಹ್ನೆ ಇರುತ್ತದೆ. ಹೊರಗಿನ ಯಾವುದೋ ಬಲ್ಬ್ ಹೋಗಿದೆ ಅಂತ ಅರ್ಥ. ಇಲ್ಲಿ ಕಂಪ್ಯೂಟರ್ ಪೆಟ್ಟಿಗೆ ಬಲ್ಬುಗಳ ಲೈನನ್ನು ಬೇರೆ ಬೇರೆಯಾಗಿ ನೋಡುತ್ತದೆ. ಹತ್ತಿದಾಗ ಕರೆಂಟು ಅಳೆಯುತ್ತದೆ. ಕೆಲವು ಗಾಡಿಗಳಲ್ಲಿ ಬಲ್ಬ್ ಆರಿದ್ದಾಗಲೂ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಕರೆಂಟು ಬಿಟ್ಟು ತಂತಿ ಇದೆಯಾ ಅಂತ ಪರೀಕ್ಷಿಸುತ್ತದೆ. ಅಂಥ ಗಾಡಿಗೆ ಎಲ್ಇಡಿ ಹಾಕಿದರೆ ಆರಿಸಿದಾಗಲೂ ಅದು ಪಿಳಿಪಿಳಿ ಅನ್ನುವುದು ಇದಕ್ಕೇ.

ಇಂಥ ಗಾಡಿಯಲ್ಲಿ ಬಲ್ಬ್ ಬದಲಿಸಿದ ಕೂಡಲೇ ಚಿತ್ರ ಆರದಿದ್ದರೆ ಗಾಬರಿ ಬೇಡ. ಕೀ ತೆಗೆದು, ಮತ್ತೆ ಚಾಲೂ ಮಾಡಿ, ಆ ಲೈಟನ್ನು ಒಮ್ಮೆ ಹತ್ತಿಸಿ. ಆಮೇಲೂ ಉಳಿದರೆ ವ್ಯಾಟ್ ಮತ್ತು ಹೋಲ್ಡರ್ ಇನ್ನೊಮ್ಮೆ ನೋಡಿ.

## ಹಂತ 7: ಮುಚ್ಚುವ ಮೊದಲು ಪರೀಕ್ಷೆ

ಸ್ಕ್ರೂ ಹಾಕುವ ಮೊದಲೇ ಲ್ಯಾಂಪನ್ನು ಕೈಯಲ್ಲಿ ಹಿಡಿದು ಇಂಡಿಕೇಟರ್ ಚಾಲೂ ಮಾಡಿ. ಹೋಲ್ಡರನ್ನು ಸ್ವಲ್ಪ ಅಲುಗಾಡಿಸಿ. ಆರಿ ಹತ್ತಿದರೆ ಸ್ಪ್ರಿಂಗ್ ತುದಿ ಇನ್ನೂ ಸಡಿಲ ಇದೆ. ಸರಿ ಇದ್ದರೆ ಮತ್ತೆ 15 ಸೆಕೆಂಡು ಎಣಿಸಿ, ಎಡ ಬಲ ಒಂದೇ ಸಂಖ್ಯೆ ಬರಬೇಕು. ಒಂದು ಹೆಚ್ಚು ಕಡಿಮೆ ಆದರೆ ಪರವಾಗಿಲ್ಲ. ಲ್ಯಾಂಪಿನ ಸುತ್ತಲಿನ ರಬ್ಬರ್ ಮಡಚದಂತೆ ಕೂರಿಸಿ ಸ್ಕ್ರೂ ಹಾಕಿ. ಪ್ಲಾಸ್ಟಿಕ್ ಎಳೆ ಕೀಳುವ ಹಾಗೆ ಬಿಗಿ ಮಾಡಬೇಡಿ.

ಕೆಲವು ಗುರುತು ಕಂಡರೆ ಮನೆಯಲ್ಲಿ ಕೆಲಸ ನಿಲ್ಲಿಸಿ ವೈರಿಂಗ್ ಅಂಗಡಿಗೆ ಒಯ್ಯಿರಿ: ಹೋಲ್ಡರ್ ಕಂದಾಗಿ ಕರಗಿದ್ದರೆ, ಸುಟ್ಟ ವಾಸನೆ ಬಂದರೆ, ಇಂಡಿಕೇಟರ್ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತಿದ್ದರೆ. ಫ್ಯೂಸ್ ಹೋಗುತ್ತಿದೆ ಅಂತ ದೊಡ್ಡ ಆಂಪಿಯರಿನದು ಹಾಕಿದರೆ ಮುಂದಿನ ಸಲ ಸುಡುವುದು ವೈರ್.

ಕೈ ಕೊಳೆಯಾಗಿದೆ, ಲ್ಯಾಂಪ್ ಬಿಚ್ಚಿದೆ, ಹೇಗೂ ಬ್ರೇಕ್ ಲೈಟನ್ನೂ ನೋಡಿಬಿಡಿ. ಮಾಮೂಲಿ ಗಾಡಿಗಳಲ್ಲಿ ಬಡಿತ ಬದಲಿಸಿ ದೂರು ಹೇಳುವುದು ಇಂಡಿಕೇಟರ್ ಒಂದೇ. ಬ್ರೇಕ್ ಬಲ್ಬ್ ಸತ್ತರೆ ಗಾಡಿ ತುಟಿ ಬಿಚ್ಚುವುದಿಲ್ಲ. ಕತ್ತಲಾದ ಮೇಲೆ ಗಾಡಿಯನ್ನು ರಿವರ್ಸ್ ತಂದು ಮನೆ ಗೋಡೆಗೆ ಎರಡು ಅಡಿ ದೂರ ನಿಲ್ಲಿಸಿ, ಬ್ರೇಕ್ ತುಳಿದು ಕನ್ನಡಿಯಲ್ಲಿ ನೋಡಿ. ಗೋಡೆಯ ಮೇಲೆ ಎಡಕ್ಕೊಂದು, ಬಲಕ್ಕೊಂದು ಕೆಂಪು ಬೆಳಕು ಬೀಳಬೇಕು. ಕಾಕಾನ ಮಗನ ಗಾಡಿಯಲ್ಲಿ ಎಡಗಡೆಯದು ಬೀಳಲಿಲ್ಲ. ಯಾವಾಗ ಹೋಗಿತ್ತೋ ಅವನಿಗೂ ಗೊತ್ತಿರಲಿಲ್ಲ.